ದುಭಾಷಿಗೆ ಎಲ್ಲಿ ಜಾಗ ಬಿಡಬೇಕು? ವಿದೇಶಿ ಅತಿಥಿಯನ್ನು ಕನ್ನಡ ಸಭೆಗೆ ಪರಿಚಯಿಸುವವರಿಗೆ

"ಇವರು ಎರಡು ರಾಷ್ಟ್ರೀಯ ಪ್ರಶಸ್ತಿಗಳನ್ನು ಪಡೆದು..." ಎಂದು ಹೇಳಿ ನಾನು ನಿಂತೆ. ಉಸಿರು ಎಳೆದುಕೊಳ್ಳಬೇಕಿತ್ತು, ಅಷ್ಟೇ. ಪಕ್ಕದಲ್ಲಿದ್ದ ದುಭಾಷಿ ನನ್ನ ಮುಖ ನೋಡಿದರು. ಮಾತಾಡುವ ಸರದಿ ಅವರದೆಂದುಕೊಂಡು ನಾನು ಅವರ ಮುಖ ನೋಡಿದೆ. ಇಬ್ಬರೂ ಸುಮ್ಮನೆ ನಿಂತಿದ್ದೆವು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಾಪ, ದುಭಾಷಿಯ ತಪ್ಪೇನೂ ಇರಲಿಲ್ಲ. ಪಡೆದು ಏನು ಮಾಡಿದರು? ಪಡೆದು ನಿವೃತ್ತರಾದರೋ, ಪಡೆದು ಹಿಂದಿರುಗಿಸಿದರೋ? ಅದು ಗೊತ್ತಾಗದೆ ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದು ಹೇಗೆ?

ಪರಿಚಯ ಭಾಷಣದಲ್ಲಿ ದುಭಾಷಿಗಾಗಿ ನಿಲ್ಲಬೇಕು ಎಂಬುದು ಎಲ್ಲರಿಗೂ ಗೊತ್ತು. ಎಲ್ಲಿ ನಿಲ್ಲಬೇಕು ಎಂಬಲ್ಲಿ ಎಡವುತ್ತೇವೆ. ಇದಕ್ಕೆ ಕಾರಣ ಬಹುಮಟ್ಟಿಗೆ ಕನ್ನಡ ವಾಕ್ಯದ ಕಟ್ಟಡದಲ್ಲೇ ಇದೆ. ಹಾಗಾಗಿ ಪರಿಹಾರವನ್ನೂ ಅಲ್ಲಿಂದಲೇ ಶುರು ಮಾಡಬೇಕು.

ನಾನಿಲ್ಲಿ ಹೇಳುತ್ತಿರುವುದು ಒಂದು ನಿರ್ದಿಷ್ಟ ಸಂದರ್ಭದ ಬಗ್ಗೆ. ಸಭೆ ಕನ್ನಡದವರದು, ಅತಿಥಿ ಮತ್ತು ಅವರ ಜೊತೆ ಬಂದವರು ಹೊರದೇಶದವರು. ನೀವು ಕನ್ನಡದಲ್ಲಿ ಪರಿಚಯಿಸುತ್ತೀರಿ. ನೀವು ಸ್ವಲ್ಪ ಮಾತಾಡಿ ನಿಂತಾಗ ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಮೈಕಿನಲ್ಲೇ ಹೇಳುತ್ತಾರೆ. ಅತಿಥಿ ಒಬ್ಬರೇ ಬಂದಿದ್ದರೆ ಇಷ್ಟೆಲ್ಲ ಬೇಕಿಲ್ಲ, ದುಭಾಷಿ ಅವರ ಹಿಂದೆ ಕುಳಿತು ಕಿವಿಯಲ್ಲಿ ಪಿಸುಗುಟ್ಟಿದರೆ ಸಾಕು. ನಾಲ್ಕೈದು ಜನರ ನಿಯೋಗ ಬಂದಾಗ ಪಿಸುಮಾತು ಎಲ್ಲರಿಗೂ ತಲುಪುವುದಿಲ್ಲ. ಆಗ ಸರದಿಯಂತೆ ಮಾತಾಡುವ ಈ ಕ್ರಮ ಬೇಕಾಗುತ್ತದೆ.

ಮೊದಲು ದುಭಾಷಿಯ ಜೊತೆ ಹತ್ತು ನಿಮಿಷ

1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಪಾಲ್ ಮಾಂಟು ಎಂಬ ದುಭಾಷಿ ನಾಲ್ಕು ದೊಡ್ಡ ದೇಶಗಳ ನಾಯಕರ ನಡುವೆ ಮಾತು ದಾಟಿಸುತ್ತಿದ್ದರು. ಅಂಥ ತರಬೇತಾದ ದುಭಾಷಿಗಳು ಟಿಪ್ಪಣಿ ಬರೆದುಕೊಳ್ಳುತ್ತ ಐದಾರು ನಿಮಿಷದ ಮಾತನ್ನು ಒಟ್ಟಿಗೆ ಕೇಳಿ, ಆಮೇಲೆ ಪೂರ್ತಿಯಾಗಿ ಇನ್ನೊಂದು ಭಾಷೆಯಲ್ಲಿ ಹೇಳಬಲ್ಲರು. ನಮ್ಮ ಸಭೆಗಳಲ್ಲಿ ಆ ಕೆಲಸಕ್ಕೆ ಸಿಗುವವರು ಸಾಮಾನ್ಯವಾಗಿ ಎರಡೂ ಭಾಷೆ ಚೆನ್ನಾಗಿ ಬಲ್ಲ ಒಬ್ಬ ಉಪನ್ಯಾಸಕರೋ ಸಹೋದ್ಯೋಗಿಯೋ ಆಗಿರುತ್ತಾರೆ. ಭಾಷೆ ಬರುವುದು ಬೇರೆ, ಕೇಳಿದ್ದನ್ನು ನೆನಪಿನಲ್ಲಿ ಹಿಡಿದುಕೊಳ್ಳುವುದು ಬೇರೆ. ಆದ್ದರಿಂದ ಮೊದಲ ಪ್ರಶ್ನೆ ನೇರವಾಗಿಯೇ ಇರಲಿ: "ಒಂದು ಸಲಕ್ಕೆ ಎಷ್ಟು ಹೇಳಲಿ?"

ಉತ್ತರ ಹೇಳಲು ಅವರು ಹಿಂಜರಿದರೆ ಒಂದೋ ಎರಡೋ ವಾಕ್ಯ, ಅಂದರೆ ಹದಿನೈದು ಇಪ್ಪತ್ತು ಸೆಕೆಂಡಿನ ಮಾತು ಎಂದು ಲೆಕ್ಕ ಇಟ್ಟುಕೊಳ್ಳಿ. ಪರಿಚಯಕ್ಕೆ ಈ ಅಳತೆ ಚೆನ್ನಾಗಿ ಒಗ್ಗುತ್ತದೆ. ಇದಕ್ಕಿಂತ ಉದ್ದವಾದರೆ ಕೊನೆಯದು ನೆನಪಿನಲ್ಲಿ ಉಳಿದು ನಡುವಿನದು ಜಾರುತ್ತದೆ. ತೀರಾ ತುಂಡು ಮಾಡಿದರೂ ಕಷ್ಟವೇ. "ಇವರು", "ಮಣ್ಣಿನ", "ವಿಷಯದಲ್ಲಿ" ಎಂದು ಒಂದೊಂದು ಪದಕ್ಕೆ ನಿಂತರೆ ದುಭಾಷಿಗೆ ವಾಕ್ಯವೇ ಕೈಗೆ ಸಿಗುವುದಿಲ್ಲ.

ಭಾಷಣದ ಪ್ರತಿಯನ್ನು ಅವರಿಗೆ ಹಿಂದಿನ ದಿನವೇ ಕೊಡಿ. ಕೊಡುವಾಗ ಮೂರು ಸಂಗತಿಗಳನ್ನು ಬಾಯಲ್ಲೂ ಹೇಳಿ. ಮೊದಲನೆಯದು ಹೆಸರಿನ ಉಚ್ಚಾರ. ಅತಿಥಿಯ ಜೊತೆ ಬಂದವರನ್ನು ಕೇಳಿ ಅದನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ನೀವೊಂದು ರೀತಿ, ದುಭಾಷಿ ಒಂದು ರೀತಿ ಹೇಳಿದರೆ ಸಭೆಗೆ ಇಬ್ಬರು ಅತಿಥಿಗಳು ಬಂದಂತಾಗುತ್ತದೆ.

ಎರಡನೆಯದು ಸಂಖ್ಯೆಗಳು. ಲಕ್ಷ, ಕೋಟಿಗಳನ್ನು ಮಿಲಿಯನ್ನಿಗೆ ತಿರುಗಿಸುವುದು ನಿಂತ ನಿಲುವಿನಲ್ಲಿ ಆಗುವ ಕೆಲಸವಲ್ಲ. ಮೂವತ್ತೈದು ಲಕ್ಷ ಅಂದರೆ ಮೂರೂವರೆ ಮಿಲಿಯನ್, ಒಂದು ಕೋಟಿ ಅಂದರೆ ಹತ್ತು ಮಿಲಿಯನ್. ಮನೆಯಲ್ಲಿ ಕುಳಿತು ಮಾಡಿದರೆ ಸುಲಭದ ಲೆಕ್ಕ. ವೇದಿಕೆಯ ಮೇಲೆ ಒಂದು ಸೊನ್ನೆ ಹೆಚ್ಚಾಗುವುದಕ್ಕೆ ಅರೆಕ್ಷಣ ಸಾಕು. ಪ್ರತಿಯ ಅಂಚಿನಲ್ಲಿ ಆ ಸಂಖ್ಯೆಯನ್ನು ಮಿಲಿಯನ್ನಿನಲ್ಲೂ ಬರೆದುಕೊಡಿ.

ಮೂರನೆಯದು ಯಾರಿಗೂ ಹೊಳೆಯದೆ ಹೋಗುವ ಸಂಗತಿ. ನಮ್ಮ "ಇವರು", "ಅವರು" ಎಂಬ ಗೌರವದ ಮಾತು ಹೆಣ್ಣೋ ಗಂಡೋ ಹೇಳುವುದಿಲ್ಲ, ಒಬ್ಬರೋ ಹಲವರೋ ಎಂಬುದನ್ನೂ ಹೇಳುವುದಿಲ್ಲ. ಅತಿಥಿಯೇನೋ ಎದುರಿಗೆ ಕುಳಿತಿರುತ್ತಾರೆ. ಆದರೆ "ಇವರ ಗುರುಗಳು ಈ ಕೆಲಸ ಶುರು ಮಾಡಿದರು" ಎಂದಾಗ ಗುರುಗಳು ಒಬ್ಬರೇ, ಇಬ್ಬರೇ, ಮಹಿಳೆಯೇ, ಪುರುಷರೇ? ಇಂಗ್ಲಿಷ್ ಇದನ್ನೆಲ್ಲ ತಕ್ಷಣ ಕೇಳುತ್ತದೆ. ದುಭಾಷಿ ಊಹಿಸಿ ಹೇಳುತ್ತಾರೆ, ಊಹೆ ತಪ್ಪಿದರೆ ಅತಿಥಿಯ ಹುಬ್ಬು ಮೇಲೇರುತ್ತದೆ.

ಬರೆದದ್ದನ್ನು ಬಿಚ್ಚಿ ಕಟ್ಟುವುದು

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದು, ಅಲ್ಲ ಎಂಬುದೂ ಕೊನೆಗೇ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬೇಕು. ಹಾಗಾಗಿ ನೀವು ಕೊನೆಯ ಪದ ಹೇಳುವವರೆಗೆ ದುಭಾಷಿಗೆ ಮೊದಲ ಪದವೂ ಸಿಗುವುದಿಲ್ಲ. ಅದರ ಮೇಲೆ ನಮ್ಮ ಪರಿಚಯ ಭಾಷಣದ ಶೈಲಿ ಬೇರೆ. ಮಾಡಿ, ನೋಡಿ, ಕಟ್ಟಿ, ಬೆಳೆಸಿ ಎಂದು ಅಪೂರ್ಣ ಕ್ರಿಯೆಗಳನ್ನು ಪೋಣಿಸಿ, ಅದಕ್ಕೊಂದು "ಇರುವಂಥ" ಸೇರಿಸಿ, ಎಲ್ಲಕ್ಕೂ ಕೊನೆಗೆ ಹೆಸರು ಹೇಳುವುದು ನಮಗೆ ರೂಢಿ. ಕೇಳಲು ಚೆಂದ. ಒಂದೇ ಭಾಷೆಯ ಸಭೆಯಲ್ಲಿ ನಾನೂ ಹಾಗೆಯೇ ಮಾತಾಡುತ್ತೇನೆ.

ಒಬ್ಬ ಮಣ್ಣಿನ ವಿಜ್ಞಾನಿಯನ್ನು ಪರಿಚಯಿಸಬೇಕಿದೆ ಎಂದಿಟ್ಟುಕೊಳ್ಳಿ. ರೂಢಿಯಂತೆ ಬರೆದರೆ ಹೀಗಿರುತ್ತದೆ:

"ಕಳೆದ ಇಪ್ಪತ್ತೆರಡು ವರ್ಷಗಳಿಂದ ಒಣಭೂಮಿಯಲ್ಲಿ ಮಳೆನೀರು ಇಂಗುವ ಬಗೆಯನ್ನು ಅಧ್ಯಯನ ಮಾಡುತ್ತ, ಮೂರು ದೇಶಗಳಲ್ಲಿ ಪ್ರಯೋಗಾಲಯಗಳನ್ನು ಕಟ್ಟಿ, ನಾಲ್ಕು ಲಕ್ಷ ಎಕರೆ ಜಮೀನಿನ ಮಣ್ಣಿನ ನಕ್ಷೆ ತಯಾರಿಸಿ, ಉಪಗ್ರಹದ ಚಿತ್ರಗಳಿಗಿಂತ ರೈತರ ಅನುಭವವನ್ನೇ ನೆಚ್ಚಿ ಕೆಲಸ ಮಾಡಿಕೊಂಡು ಬಂದಿರುವ ನಮ್ಮ ಇಂದಿನ ಅತಿಥಿಗಳನ್ನು ನಿಮಗೆ ಪರಿಚಯಿಸಲು ಸಂತೋಷಪಡುತ್ತೇನೆ."

ಇಡೀ ಭಾಷಣಕ್ಕೆ ಇರುವುದು ಒಂದೇ ಪೂರ್ಣ ಕ್ರಿಯಾಪದ: "ಸಂತೋಷಪಡುತ್ತೇನೆ". ನಿಲ್ಲಬಹುದಾದ ಜಾಗವೂ ಅದೊಂದೇ. "ಕಟ್ಟಿ" ಎಂಬಲ್ಲಿ ನಿಂತರೆ ನನಗಾದದ್ದೇ ನಿಮಗೂ ಆಗುತ್ತದೆ. ಕೊನೆಯವರೆಗೂ ನಿಲ್ಲದೆ ಹೋದರೆ ದುಭಾಷಿ ಇಪ್ಪತ್ತೆರಡು, ಮೂರು, ನಾಲ್ಕು ಲಕ್ಷ, ಉಪಗ್ರಹ, ರೈತರು ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡು ಕಾಯಬೇಕು. ಇದನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಪ್ರತಿ ಸಂಗತಿಗೂ ಅದರದೇ ಕ್ರಿಯಾಪದ ಕೊಡಿ, ಕರ್ತೃ ಮೊದಲೇ ಬರಲಿ:

"ನಮ್ಮ ಇಂದಿನ ಅತಿಥಿ ಡಾಕ್ಟರ್ ಇಂಥವರು. ಇವರು ಮಣ್ಣಿನ ವಿಜ್ಞಾನಿ. ॥

ಒಣಭೂಮಿಯಲ್ಲಿ ಮಳೆನೀರು ಹೇಗೆ ಇಂಗುತ್ತದೆ ಎಂಬುದನ್ನು ಇವರು ಇಪ್ಪತ್ತೆರಡು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಅದಕ್ಕಾಗಿ ಮೂರು ದೇಶಗಳಲ್ಲಿ ಪ್ರಯೋಗಾಲಯಗಳನ್ನು ಕಟ್ಟಿದ್ದಾರೆ. ॥

ಇವರ ತಂಡ ನಾಲ್ಕು ಲಕ್ಷ ಎಕರೆ ಜಮೀನಿನ ಮಣ್ಣಿನ ನಕ್ಷೆ ತಯಾರಿಸಿದೆ. ॥

ಆ ನಕ್ಷೆಗೆ ಮೊದಲ ಮಾಹಿತಿ ಕೊಟ್ಟವರು । ರೈತರು. ಉಪಗ್ರಹದ ಚಿತ್ರಗಳು ಬಂದದ್ದು ಆಮೇಲೆ. ॥"

ಎರಡು ಗೆರೆಯ ದಂಡ ಇರುವಲ್ಲಿ ಮಾತನ್ನು ದುಭಾಷಿಗೆ ಬಿಟ್ಟುಕೊಡಬೇಕು. ಒಂದೇ ಗೆರೆ ಇದ್ದರೆ ನೀವೇ ಅರೆಕ್ಷಣ ತಡೆದು ಮುಂದುವರಿಯಬೇಕು. ಇದು ನಾನು ಮಾಡಿಕೊಂಡ ಗುರುತು, ನಿಮಗೆ ಬೇರೆ ಇಷ್ಟವಾದರೆ ಅದನ್ನೇ ಹಾಕಿ. ದುಭಾಷಿಯ ಪ್ರತಿಯಲ್ಲೂ ಅದೇ ಗುರುತು ಇರಬೇಕು, ಅಷ್ಟೇ.

ಮೂರನೆಯ ತುಂಡಿನಲ್ಲಿ ಒಂದೇ ವಾಕ್ಯ ಇರುವುದನ್ನು ಗಮನಿಸಿ. ದೊಡ್ಡ ಸಂಖ್ಯೆ ಇರುವ ಮಾತನ್ನು ಒಂಟಿಯಾಗಿ ಬಿಡಬೇಕು. ಅದರ ಹಿಂದೆಯೇ ಇನ್ನೊಂದು ಸಂಗತಿ ಬಂದರೆ ಎರಡರಲ್ಲಿ ಒಂದು ಬಿದ್ದುಹೋಗುತ್ತದೆ. ಅಂಚಿನಲ್ಲಿ "ನಾನೂರು ಸಾವಿರ ಎಕರೆ, ಸುಮಾರು 1,62,000 ಹೆಕ್ಟೇರ್" ಎಂದು ಬರೆದುಕೊಟ್ಟರೆ, ಎಕರೆ ಗೊತ್ತಿಲ್ಲದ ದೇಶದ ಅತಿಥಿಗಳಿಗೂ ಅರ್ಥವಾಗುತ್ತದೆ.

ನಾಲ್ಕನೆಯ ತುಂಡನ್ನು ನಾನು ಮೊದಲು ಬೇರೆ ರೀತಿ ಬರೆದಿದ್ದೆ: "ಮೊದಲ ಮಾಹಿತಿ ಬಂದದ್ದು ಉಪಗ್ರಹಗಳಿಂದ ಅಲ್ಲ, ರೈತರಿಂದ." ಇದನ್ನು ವೇದಿಕೆಯಲ್ಲಿ ಹೇಳುವಾಗ ಯಾವ ಭಾಷಣಕಾರನೂ "ಉಪಗ್ರಹಗಳಿಂದ" ಎಂದ ಮೇಲೆ ಒಂದು ಕ್ಷಣ ತಡೆಯದೆ ಬಿಡುವುದಿಲ್ಲ, ಸಭೆಯ ಕುತೂಹಲ ಕೆರಳಬೇಕಲ್ಲ. ಆ ಮೌನವನ್ನೇ ತನ್ನ ಸರದಿ ಎಂದುಕೊಂಡ ದುಭಾಷಿ "ಮಾಹಿತಿ ಉಪಗ್ರಹಗಳಿಂದ ಬಂತು" ಎಂದು ಹೇಳಿಬಿಟ್ಟರೆ ಆಮೇಲೆ ಬರುವ "ಅಲ್ಲ" ಯಾರ ಪಾಲಿಗೆ? ಅಲ್ಲ, ಇಲ್ಲ ಎಂದು ಮುಗಿಯುವ ವಾಕ್ಯಗಳನ್ನು ಪರಿಚಯದಿಂದ ಆದಷ್ಟು ತೆಗೆದುಬಿಡಿ. ಅದೇ ಮಾತನ್ನು ಅಲ್ಲ ಎನ್ನದೆ ಹೇಳುವ ದಾರಿ ಹೆಚ್ಚು ಕಡಿಮೆ ಯಾವಾಗಲೂ ಇರುತ್ತದೆ.

ಗಾದೆ, ಕವಿತೆಯ ಸಾಲು, ಶ್ಲೇಷೆ ಇವೆಲ್ಲ ಬೇಡವೇ ಎಂದು ಕೇಳಬಹುದು. "ಹನಿ ಹನಿ ಕೂಡಿದರೆ ಹಳ್ಳ" ಎಂಬಂಥ ಗಾದೆ ಸುಲಭವಾಗಿ ದಾಟುತ್ತದೆ, ಅದರ ಅರ್ಥ ಮಾತಿನಲ್ಲೇ ಇದೆ. ಪ್ರಾಸದ ಮೇಲೆ, ಪದದ ಎರಡರ್ಥದ ಮೇಲೆ ನಿಂತದ್ದು ದಾಟುವುದಿಲ್ಲ. ಸಭೆ ನಗುತ್ತದೆ, ಅತಿಥಿ ದುಭಾಷಿಯ ಕಡೆ ನೋಡುತ್ತಾರೆ, ದುಭಾಷಿ "ಒಂದು ತಮಾಷೆ ಹೇಳಿದರು" ಎನ್ನುತ್ತಾರೆ. ಅತಿಥಿಯ ಬಗ್ಗೆಯೇ ಮಾತಾಡುತ್ತಿರುವಾಗ ಸಭೆ ನಕ್ಕು ಅವರಿಗೆ ಮಾತ್ರ ಕಾರಣ ಗೊತ್ತಾಗದೆ ಹೋದರೆ ಅವರಿಗೆ ಏನನ್ನಿಸೀತು, ನೀವೇ ಯೋಚಿಸಿ.

ಇನ್ನು ವೇದಿಕೆಯ ಮೇಲಿನ ಗಣ್ಯರ ಹೆಸರುಗಳ ಪಟ್ಟಿ. ಅದನ್ನು ಒಂದೊಂದಾಗಿ ಅನುವಾದಿಸಬೇಕಿಲ್ಲ. "ವೇದಿಕೆಯ ಮೇಲಿರುವ ಗಣ್ಯರನ್ನು ಸ್ವಾಗತಿಸುತ್ತಿದ್ದಾರೆ" ಎಂದು ಒಂದೇ ಮಾತಿನಲ್ಲಿ ಮುಗಿಸಲು ದುಭಾಷಿಗೆ ಮೊದಲೇ ಹೇಳಿಡಿ.

ಸಮಯದ ಲೆಕ್ಕ

ಆಯೋಜಕರು ಪರಿಚಯಕ್ಕೆ ಐದು ನಿಮಿಷ ಎಂದರೆ ಅದರಲ್ಲಿ ನಿಮ್ಮ ಪಾಲು ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದದ್ದು ದುಭಾಷಿಗೆ, ಮಾತು ಕೈ ಬದಲಿಸುವುದಕ್ಕೆ ಮತ್ತು ಚಪ್ಪಾಳೆಗೆ. ಗಡಿಯಾರ ಇಟ್ಟುಕೊಂಡು ನಿಮ್ಮ ಭಾಗವನ್ನು ಗಟ್ಟಿಯಾಗಿ ಓದಿ. ಎರಡೂ ಕಾಲು ನಿಮಿಷ ದಾಟಿದರೆ ಬೇಗ ಓದುವ ಯೋಚನೆ ಬೇಡ, ಒಂದು ಪ್ರಶಸ್ತಿಯನ್ನು ಹೊಡೆದುಹಾಕಿ.

ಮೈಕ್ ಒಂದೇ ಇದ್ದರೆ ಪ್ರತಿ ಸಲವೂ ಕೈಯಿಂದ ಕೈಗೆ ಹೋಗಬೇಕು. ಅದು ಕಿರಿಕಿರಿ, ಸಮಯವೂ ಹಾಳು. ಎರಡು ಮೈಕ್ ಕೇಳಿಕೊಳ್ಳಿ. ದುಭಾಷಿ ನಿಮ್ಮಿಂದ ಕೈಯಳತೆಯ ದೂರದಲ್ಲಿ ನಿಲ್ಲಲಿ. ಧ್ವನಿವರ್ಧಕಗಳು ಸಭೆಯ ಕಡೆ ಮುಖ ಮಾಡಿರುತ್ತವೆ. ವೇದಿಕೆಯ ಇನ್ನೊಂದು ತುದಿಯಲ್ಲಿ ನಿಂತವರಿಗೆ ನಿಮ್ಮ ಮಾತು ಗೊಗ್ಗರಾಗಿ, ತಡವಾಗಿ ಕೇಳುತ್ತದೆ.

ವೇದಿಕೆಯ ಮೇಲೆ

ನಿಮ್ಮ ಮೌನ ಎರಡು ಬಗೆಯದು ಎಂದೆನಲ್ಲ, ಅವೆರಡೂ ನೋಡುವವರಿಗೆ ಬೇರೆ ಬೇರೆಯಾಗಿ ಕಾಣಬೇಕು. ಒಂಟಿ ದಂಡದಲ್ಲಿ ತಡೆಯುವಾಗ ಸಭೆಯನ್ನೇ ನೋಡುತ್ತಿರಿ, ಮೈಕಿನ ಬಳಿಯೇ ಇರಿ. ಜೋಡಿ ದಂಡ ಬಂದಾಗ ಕ್ರಿಯಾಪದವನ್ನು ದನಿ ಇಳಿಸಿ ಮುಗಿಸಿ, ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದು ಅತಿಥಿಯ ಕಡೆ ತಿರುಗಿ. ಆ ಅರ್ಧ ಹೆಜ್ಜೆಯೇ ಸಂಕೇತ. ಕೈಸನ್ನೆ ಬೇಡ. "ಹ್ಞಾಂ, ಹೇಳಿ" ಎಂಬಂತೆ ದುಭಾಷಿಯ ಕಡೆ ತಲೆಯಾಡಿಸುವುದೂ ಬೇಡ, ಅದು ಅವರನ್ನು ಹುಡುಗನಂತೆ ನಡೆಸಿಕೊಂಡಂತೆ ಕಾಣುತ್ತದೆ.

ದುಭಾಷಿ ಮಾತಾಡುವಾಗ ನೀವು ಕಾಗದ ತಿರುವಿ ಹಾಕುತ್ತಿದ್ದರೆ ಸಭೆಯೂ ತನ್ನ ಕೆಲಸ ನೋಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ನೀವೂ ಕೇಳಬೇಕು. ಇಂಗ್ಲಿಷ್ ಗೊತ್ತಿರುವವರಿಗೆ ಇದರಿಂದ ಇನ್ನೊಂದು ಉಪಯೋಗವೂ ಇದೆ: ಏನು ಬಿದ್ದುಹೋಗುತ್ತಿದೆ ಎಂದು ತಿಳಿಯುತ್ತದೆ. ನೀವು ಇಪ್ಪತ್ತು ಸೆಕೆಂಡು ಹೇಳಿದ್ದನ್ನು ಅವರು ಎಂಟೇ ಸೆಕೆಂಡಿನಲ್ಲಿ ಮುಗಿಸಿದರೆ ನಿಮ್ಮ ತುಂಡು ಉದ್ದವಾಗಿದೆ ಎಂದರ್ಥ. ಮುಂದಿನದರಲ್ಲಿ ಒಂದು ವಾಕ್ಯ ಬೇಗ ನಿಲ್ಲಿ, ಗುರುತು ಅಲ್ಲಿ ಇಲ್ಲದಿದ್ದರೂ ಸರಿ, ಕ್ರಿಯಾಪದ ಮುಗಿದಿದ್ದರೆ ಸಾಕು. ಅವರು ನಿಮ್ಮ ಕೊನೆಯ ಪದದ ಮೇಲೆಯೇ ಮಾತು ಶುರು ಮಾಡುತ್ತಿದ್ದರೆ ನಿಮ್ಮ ಮೌನಕ್ಕೂ ತಡೆಗೂ ವ್ಯತ್ಯಾಸ ಅವರಿಗೆ ಕಾಣುತ್ತಿಲ್ಲ. ಆಗ ಒಂಟಿ ದಂಡಗಳನ್ನೆಲ್ಲ ಬಿಟ್ಟು ಓದಿ.

ಅವರು ಮುಗಿಸಿದರು ಎಂದು ತಿಳಿಯುವುದು ಹೇಗೆ? ದನಿ ಇಳಿದದ್ದನ್ನು ನಂಬಬೇಡಿ, ಅವರೂ ಪದ ಹುಡುಕುತ್ತ ನಡುವೆ ತಡೆಯುತ್ತಾರೆ. ಮುಗಿದ ಮೇಲೆ ನಿಮ್ಮ ಕಡೆ ನೋಡುತ್ತೇನೆ ಎಂದು ಅವರಿಂದ ಮೊದಲೇ ಮಾತು ತೆಗೆದುಕೊಂಡಿರಿ. ಅವರು ನೋಡಿದ ಮೇಲೆ ಒಂದು ಉಸಿರಿನಷ್ಟು ಬಿಟ್ಟು ಮುಂದುವರಿಯಿರಿ.

ತಪ್ಪು ಹೇಳಿದರೆ? ಸಭೆಯಲ್ಲಿ ಎರಡೂ ಭಾಷೆ ಬಲ್ಲವರು ಬೇಕಾದಷ್ಟು ಜನ ಇರುತ್ತಾರೆ, ಕೆಲವರು ಕೂತಲ್ಲಿಂದಲೇ ತಿದ್ದಲು ಶುರು ಮಾಡುತ್ತಾರೆ. ನೀವು ಅವರ ಜೊತೆ ಸೇರಬೇಡಿ. ಪದ ಸ್ವಲ್ಪ ಆಚೀಚೆ ಆದರೆ ಬಿಟ್ಟುಬಿಡಿ. ಹೆಸರು, ಹುದ್ದೆ, ಸಂಖ್ಯೆ ತಪ್ಪಿದರೆ ಮಾತ್ರ ಮುಂದಿನ ತುಂಡನ್ನು ಅದರಿಂದಲೇ ಶುರು ಮಾಡಿ: "ಈ ನಾಲ್ಕು ಲಕ್ಷ ಎಕರೆಯ ನಕ್ಷೆಗೆ..." ಎಂದರೆ ಆ ಸಂಖ್ಯೆ ದುಭಾಷಿಯ ಕಿವಿಗೆ ಇನ್ನೊಮ್ಮೆ ಬೀಳುತ್ತದೆ, ಅವರೇ ಸರಿಪಡಿಸಿಕೊಳ್ಳುತ್ತಾರೆ.

ಹೆಸರು ಮತ್ತು ಚಪ್ಪಾಳೆ

ಕನ್ನಡ ಗೊತ್ತಿಲ್ಲದ ಅತಿಥಿಗೆ ನಿಮ್ಮ ಮಾತಿನಲ್ಲಿ ಅರ್ಥವಾಗುವುದು ಒಂದೇ ಪದ, ಅವರ ಹೆಸರು. ಅದು ಕೇಳಿಸಿ, ಅದರ ಹಿಂದೆ ಚಪ್ಪಾಳೆಯೂ ಕೇಳಿಸಿದರೆ ಅವರು ಏಳುತ್ತಾರೆ. ಒಂದು ಸಭೆಯಲ್ಲಿ ಅತಿಥಿ ಹೀಗೆ ಎರಡು ಸಲ ಎದ್ದು, ಎರಡು ಸಲ ಕುಳಿತು, ನಿಜವಾಗಿ ಕರೆದಾಗ ಏಳಲೇ ಇಲ್ಲ. ಆದ್ದರಿಂದ ಹೆಸರು ಎರಡೇ ಕಡೆ ಬರಲಿ: ಮೊದಲ ತುಂಡಿನಲ್ಲಿ ಒಮ್ಮೆ, ಕೊನೆಯ ಕರೆಯಲ್ಲಿ ಒಮ್ಮೆ. ನಡುವೆಲ್ಲ "ಇವರು". ಗೌರವಕ್ಕೇನೂ ಕೊರತೆಯಿಲ್ಲ.

ಚಪ್ಪಾಳೆ ನಿಮ್ಮ ಕನ್ನಡದ ಮಾತಿನ ಬೆನ್ನಿಗೇ ಬರುತ್ತದೆ, ಅನುವಾದಕ್ಕೆ ಕಾಯುವುದಿಲ್ಲ. ಅದರ ಗದ್ದಲದಲ್ಲೇ ದುಭಾಷಿ ಮಾತಾಡಿದರೆ ಯಾರಿಗಾಗಿ ಹೇಳುತ್ತಿದ್ದಾರೋ ಅವರಿಗೇ ಕೇಳಿಸುವುದಿಲ್ಲ. ಚಪ್ಪಾಳೆ ತಗ್ಗುವವರೆಗೆ ಇಬ್ಬರೂ ಸುಮ್ಮನಿರಬೇಕು ಎಂದು ಮೊದಲೇ ಮಾತಾಡಿಕೊಂಡಿರಿ.

ಕೊನೆಯ ಕರೆಗೆ ಕ್ರಮ ಸ್ವಲ್ಪ ಬದಲಾಗುತ್ತದೆ. "ಈಗ ಇವರು ನಮ್ಮೊಂದಿಗೆ ಮಾತಾಡುತ್ತಾರೆ. ॥" ಎಂದು ಹೆಸರಿಲ್ಲದೆ ಹೇಳಿ ನಿಲ್ಲಿ. ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಲಿ. ಅತಿಥಿಗೆ ಈಗ ತಮ್ಮ ಸರದಿ ಬಂತೆಂದು ತಿಳಿದಿರುತ್ತದೆ. ಆಮೇಲೆ ನೀವು ಹೆಸರನ್ನಷ್ಟೇ ಹೇಳಿ, "ದಯವಿಟ್ಟು ಬನ್ನಿ" ಎಂದು ಕೈ ಚಾಚಿ. ಈ ಕೊನೆಯ ಮಾತಿಗೆ ಅನುವಾದ ಬೇಡ. ಚಪ್ಪಾಳೆ ಶುರುವಾಗುತ್ತದೆ, ಅದರ ನಡುವೆಯೇ ಅವರು ಎದ್ದು ಬರುತ್ತಾರೆ. ಅವರು ಮೈಕ್ ತಲುಪುವುದರೊಳಗೆ ಪೋಡಿಯಂ ಮೇಲಿನ ನಿಮ್ಮ ಕಾಗದಗಳನ್ನು ಎತ್ತಿಕೊಂಡು ಹೊರಡಿ. ದುಭಾಷಿಗೆ ಇನ್ನು ಮುಂದೆ ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳಲು ಆ ಜಾಗ ಬೇಕು.